ನಾಗರಪಂಚಮಿಗೆ ಬೇರು, ನೂಲಹುಣ್ಣಿಮೆಗೆ ಪರೀಕ್ಷೆ

ಮಳೆಗಾಲದಲ್ಲಿ ತದಡಿಯಿಂದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟುವಾಗ ಕೆಂಪು ನೀರಿನ ಮೇಲೆ ತೆಂಗಿನಗರಿ, ಕಸಕಡ್ಡಿಗಳ ನಡುವೆ ಉದ್ದನೆಯ ಹಸಿರು ಕೋಲುಗಳು ತೇಲುತ್ತಿರುತ್ತವೆ. ನುಗ್ಗೆಕಾಯಿಗಿಂತ ದಪ್ಪ, ಮೊಳದುದ್ದ. ಕೆಲವು ಅಡ್ಡ ಮಲಗಿರುತ್ತವೆ, ಕೆಲವು ನೀರೊಳಗೆ ನೆಟ್ಟಗೆ ನಿಂತು ತುದಿಯನ್ನಷ್ಟೇ ಮೇಲೆ ತೋರಿಸುತ್ತಿರುತ್ತವೆ. ಒಮ್ಮೆ ಹೀಗೆ ದಾಟುತ್ತಿದ್ದಾಗ ಜೊತೆಗಿದ್ದ ಹುಡುಗ ಕೈ ಚಾಚಿ ಒಂದನ್ನು ಹಿಡಿದು, “ಇದು ಯಾವ ಕಾಯಿ?” ಎಂದ. ದೋಣಿ ನಡೆಸುತ್ತಿದ್ದ ಹಿರಿಯರು ನಕ್ಕು, “ತಮಾ, ಅದು ಕಾಯಲ್ಲ, ಕಾಂಡ್ಲಾ ಗಿಡವೇ. ಜಾಗ ಹುಡುಕ್ಕೊಂಡು ಹೊರಟಿದೆ. ಬಿಡು ಅದನ್ನ” ಎಂದರು.

ಹಿರಿಯರ ಮಾತು ಅಕ್ಷರಶಃ ನಿಜ. ಅದು ಬೀಜವೂ ಅಲ್ಲ, ಕಾಯಿಯೂ ಅಲ್ಲ. ಮರದ ಮೇಲೇ ಮೊಳೆತು, ಮರದಿಂದಲೇ ಆಹಾರ ಪಡೆದು ಬೆಳೆದ ಸಸಿ. ಆ ಹುಡುಗ ನೀರಿಗೆ ಬಿಟ್ಟ ಕೋಲು ಮುಂದೆ ಏನಾಗುತ್ತದೆ ಎಂಬುದೇ ಈ ಬರಹದ ಕತೆ.

ಕಾಂಡ್ಲಾ ಗಿಡಗಳಲ್ಲಿ ಹಲವು ಜಾತಿಗಳಿವೆ. ನಮ್ಮ ಸಸಿ ರೈಜೋಫೋರಾ ಮ್ಯುಕ್ರೊನಾಟಾ ಎಂಬ ಜಾತಿಯದು. ಕಾಂಡದಿಂದ ಕಮಾನಿನಂತೆ ಬೇರುಗಳನ್ನು ಇಳಿಬಿಟ್ಟು, ಊರುಗೋಲುಗಳ ಮೇಲೆ ನಿಂತಂತೆ ಕಾಣುವ ಮರ ಅದು. ಅದರ ಬಿಳಿ ಹೂವು ಕಾಯಾದ ಮೇಲೆ ಉದುರುವುದಿಲ್ಲ. ಕಂದು ಬಣ್ಣದ ಕಾಯಿಯೊಳಗೇ ಬೀಜ ಮೊಳೆಯುತ್ತದೆ, ಮೊಳಕೆ ಕಾಯಿಯ ತುದಿಯನ್ನು ತೂರಿ ಕೆಳಗೆ ಜೋತುಬೀಳುತ್ತದೆ. ತಿಂಗಳುಗಟ್ಟಲೆ ಬೆಳೆದು ಒಂದರಿಂದ ಎರಡು ಅಡಿ ಉದ್ದವಾಗುತ್ತದೆ.

ಬೇರೆ ಮರಗಳಂತೆ ಬೀಜ ಉದುರಿಸಿ ಸುಮ್ಮನಿರಬಾರದೇ ಎಂದರೆ, ಈ ಮರದ ಕಾಲಡಿಯಲ್ಲಿರುವುದು ಹೊಲದ ಮಣ್ಣಲ್ಲ. ದಿನಕ್ಕೆ ಎರಡು ಸಲ ಉಪ್ಪುನೀರು ಹತ್ತಿ ಇಳಿಯುವ ಕೆಸರು. ಉಪ್ಪಿನಲ್ಲಿ ಬೀಜ ಮೊಳೆಯುವುದು ಕಷ್ಟ. ಕೆಸರಿನೊಳಗೆ ಗಾಳಿಯಿಲ್ಲ. ಒಂದು ಹಿಡಿ ಕೆದಕಿ ಮೂಸಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಅದೇ ಗಾಳಿಯಿಲ್ಲ ಎಂಬುದಕ್ಕೆ ಗುರುತು. ಜೊತೆಗೆ ಸಣ್ಣ ಬೀಜ ನಿಂತ ಜಾಗದಲ್ಲಿ ನಿಲ್ಲುವುದಿಲ್ಲ, ಮುಂದಿನ ಭರತ ಅದನ್ನು ಎತ್ತಿಕೊಂಡು ಹೋಗುತ್ತದೆ. ಹಾಗಾಗಿ ಮೊಳಕೆಯ ಕಷ್ಟದ ದಿನಗಳನ್ನು ತಾಯಿಮರ ತನ್ನ ಮೇಲೇ ಕಳೆಸುತ್ತದೆ. ಸಸಿಯೊಳಗೆ ಪಿಷ್ಟವನ್ನು ತುಂಬಿ ಬುತ್ತಿ ಕಟ್ಟಿಕೊಡುತ್ತದೆ. ಸಸಿಯ ಮೈ ಹಸಿರಾದ್ದರಿಂದ ಬಿಸಿಲಿದ್ದಾಗ ತಾನೂ ಒಂದಿಷ್ಟು ಆಹಾರ ತಯಾರಿಸಿಕೊಳ್ಳುತ್ತದೆ.

ಸಸಿ ಬಲಿತಿದೆಯೋ ಇಲ್ಲವೋ ಎಂದು ತಿಳಿಯಲು ಕಾಯಿ ಮತ್ತು ಕೋಲು ಸೇರುವ ಜಾಗವನ್ನು ನೋಡಬೇಕು. ಬಲಿತಾಗ ಅಲ್ಲಿ ಹಳದಿ ಬಣ್ಣದ ಒಂದು ಪಟ್ಟಿ ಕಾಣಿಸಿಕೊಳ್ಳುತ್ತದೆ, ಕೊರಳಿಗೆ ಕಟ್ಟಿದ ದಾರದ ಹಾಗೆ. ಆಮೇಲೆ ಒಂದು ಗಾಳಿ ಸಾಕು. ಕಾಯಿ ಮರದಲ್ಲೇ ಉಳಿದು ಕೋಲು ಕಳಚಿ ಬೀಳುತ್ತದೆ.

ಬಿದ್ದ ಸಸಿ ಈಟಿಯಂತೆ ಕೆಸರಿಗೆ ನಾಟಿಕೊಂಡು ಅಲ್ಲೇ ಗಿಡವಾಗುತ್ತದೆ ಎಂದು ಹಲವರು ಓದಿರುತ್ತಾರೆ. ಇಳಿತದ ಹೊತ್ತಿನಲ್ಲಿ, ಕೆಸರು ಮೆತ್ತಗಿದ್ದರೆ, ಒಮ್ಮೊಮ್ಮೆ ಹಾಗಾಗುವುದುಂಟು. ಆದರೆ ನೀರಿದ್ದಾಗ ಬಿದ್ದದ್ದು ತೇಲುತ್ತದೆ, ಬೇರುಗಳ ಮೇಲೆ ಬಿದ್ದದ್ದು ಅಡ್ಡ ಮಲಗುತ್ತದೆ. ಬಹುಪಾಲು ಸಸಿಗಳು ತಾಯಿಮರದಿಂದ ತೀರಾ ದೂರ ಹೋಗುವುದೂ ಇಲ್ಲ, ಅಲ್ಲೇ ಸುತ್ತಲಿನ ಬೇರುಗಳ ಜಾಲದಲ್ಲಿ ಸಿಕ್ಕಿಬೀಳುತ್ತವೆ. ಕೆಲವಷ್ಟೇ ಹೊಳೆಯ ನಡುನೀರಿಗೆ ಸೇರುತ್ತವೆ. ನಮ್ಮ ಸಸಿ ಆ ಕೆಲವರಲ್ಲಿ ಒಂದು.

ಅದು ಬಿದ್ದದ್ದು ಮಿರ್ಜಾನಿನಿಂದ ಕೆಳಗೆ, ಭೀಮನ ಅಮಾವಾಸ್ಯೆಗೆ ನಾಲ್ಕೈದು ದಿನ ಇರುವಾಗ ಎಂದಿಟ್ಟುಕೊಳ್ಳೋಣ. ಭರತ ಬಂದಾಗ ಅದು ಮಿರ್ಜಾನಿನ ಕಡೆಗೆ ಹೋಗುತ್ತದೆ, ಇಳಿತವಾದಾಗ ತದಡಿಯ ಅಳಿವೆಯ ಕಡೆಗೆ ಬರುತ್ತದೆ. ಆರು ತಾಸು ಆಚೆ, ಆರು ತಾಸು ಈಚೆ. ಮೊದಲು ಅಡ್ಡವಾಗಿ ತೇಲುತ್ತದೆ. ದಿನ ಕಳೆದಂತೆ ಚೂಪಾದ ಕೆಳತುದಿ ನೀರು ಕುಡಿದು ಭಾರವಾಗುತ್ತದೆ, ಸಸಿ ನಿಧಾನವಾಗಿ ನೆಟ್ಟಗಾಗುತ್ತದೆ. ಉಪ್ಪು ಹೆಚ್ಚಿರುವ ನೀರು ಸಸಿಯನ್ನು ಹೆಚ್ಚು ಎತ್ತಿ ಹಿಡಿಯುತ್ತದೆ, ಸಿಹಿನೀರಿನಲ್ಲಿ ಅದು ಬೇಗ ನೆಟ್ಟಗೆ ನಿಂತು ತಳ ಹುಡುಕುತ್ತದೆ. ಅಘನಾಶಿನಿಗೆ ಎಲ್ಲಿಯೂ ಅಣೆಕಟ್ಟೆ ಇಲ್ಲ. ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಮಳೆನೀರೆಲ್ಲ ನೇರ ಇಲ್ಲಿಗೆ ಇಳಿಯುವುದರಿಂದ ಅಳಿವೆಯ ನೀರಿನ ಉಪ್ಪು ಬಹಳ ಕಡಿಮೆಯಾಗಿರುತ್ತದೆ. ಎಳೆ ಸಸಿಗೆ ಅದು ಅನುಕೂಲದ ಕಾಲ.

ಈಗ ಕತೆಯ ಮುಖ್ಯ ಭಾಗ. ಸಸಿ ದಡ ಮುಟ್ಟಿದರೆ ಸಾಲದು, ಬೇರು ಬಿಡಲು ಅದಕ್ಕೆ ಕೆಲವು ದಿನಗಳ ನೆಮ್ಮದಿ ಬೇಕು. ದಿನಕ್ಕೆ ಎರಡು ಭರತ ಬರುವ ಜಾಗದಲ್ಲಿ ಆ ನೆಮ್ಮದಿ ಎಲ್ಲಿಂದ ಬರಬೇಕು? ಉತ್ತರ ತಿಥಿಯಲ್ಲಿದೆ.

ಭರತ ದಿನವೂ ಒಂದೇ ಎತ್ತರಕ್ಕೆ ಏರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಸೂರ್ಯ ಮತ್ತು ಚಂದ್ರನ ಸೆಳೆತ ಒಂದೇ ಗೆರೆಯಲ್ಲಿ ಬಂದು ನೀರು ಅತಿ ಎತ್ತರಕ್ಕೆ ಹತ್ತುತ್ತದೆ. ಅಷ್ಟಮಿಯ ಹೊತ್ತಿಗೆ ಅವು ಅಡ್ಡಡ್ಡ ಎಳೆಯುವುದರಿಂದ ಭರತ ಸಪ್ಪೆಯಾಗುತ್ತದೆ. ಮೀನುಗಾರರು ಬಲೆ ಹಾಕುವ ಹೊತ್ತನ್ನು ಎಣಿಸುವುದು ಈ ತಿಥಿಯ ಲೆಕ್ಕದಲ್ಲೇ.

ಭೀಮನ ಅಮಾವಾಸ್ಯೆ ಕಳೆದು ಬಿದಿಗೆಯ ದಿನ ಭರತ ತುಂಬಿ ಬಂತು. ನಮ್ಮ ಸಸಿಯನ್ನು ಕೆಸರುದಿಣ್ಣೆಯ ಮೇಲಂಚಿಗೆ ತಂದು ಬಿಟ್ಟು ನೀರು ಹಿಂದೆ ಸರಿಯಿತು. ತದಿಗೆಯ ಭರತ ಅಷ್ಟು ಮೇಲೆ ಬರಲಿಲ್ಲ. ಚೌತಿಯದು ಇನ್ನೂ ಕೆಳಗೇ ನಿಂತಿತು. ನಾಗರಪಂಚಮಿಯ ಹೊತ್ತಿಗೆ ಸಸಿ ನೀರಿನಿಂದ ಪೂರ್ತಿ ಬಿಡುಗಡೆಯಾಗಿತ್ತು. ಮಳೆ ಬೀಳುತ್ತಲೇ ಇದ್ದುದರಿಂದ ಕೆಸರು ಒಣಗಲಿಲ್ಲ, ಸಸಿಯೂ ಬಾಡಲಿಲ್ಲ. ಅದರ ಚೂಪಾದ ತುದಿಯ ಸುತ್ತ ಸಣ್ಣ ಗುಬುಟುಗಳು ಎದ್ದು, ಅವುಗಳಿಂದ ಬಿಳಿ ಬೇರುಗಳು ಕೆಸರಿಗೆ ಇಳಿದವು. ಎಲೆಯ ಸುದ್ದಿಯೇ ಇಲ್ಲ. ಮೊದಲು ಲಂಗರು, ಆಮೇಲೆ ಎಲೆ. ಅದು ಈ ಗಿಡದ ಕ್ರಮ.

ಅಡ್ಡ ಬಿದ್ದಿದ್ದ ಸಸಿ ಬೇರು ಹಿಡಿದ ಮೇಲೆ ಮೆಲ್ಲಗೆ ಬಾಗಿ ಏಳಲು ತೊಡಗಿತು. ಕಾಂಡ್ಲಾದ ಎಳೆ ಗಿಡಗಳ ಬುಡದಲ್ಲಿ ಕುಡುಗೋಲಿನಂಥ ಬಾಗು ಕಂಡರೆ, ಅದು ಮಲಗಿದ್ದು ಎದ್ದ ಸಸಿ ಎಂದು ತಿಳಿಯಬಹುದು.

ಏಕಾದಶಿ, ದ್ವಾದಶಿಯ ಹೊತ್ತಿಗೆ ಭರತ ಮತ್ತೆ ಮೇಲೇರತೊಡಗಿತು. ನೂಲಹುಣ್ಣಿಮೆಯ ಭರತ ಸಸಿಯ ಮೇಲೆ ಹಾದುಹೋಯಿತು. ಪರೀಕ್ಷೆ ಇದೇ. ಎಂಟು ಹತ್ತು ದಿನಗಳಲ್ಲಿ ಇಳಿದ ಬೇರು ಸಸಿಯ ತೇಲುವ ಬಲವನ್ನು ತಡೆದು ಹಿಡಿದರೆ ಉಳಿವು, ಇಲ್ಲವಾದರೆ ಸಸಿ ಮತ್ತೆ ನೀರುಪಾಲು. ನಮ್ಮ ಸಸಿ ಅಲುಗಾಡಿತು, ಕೀಳಲಿಲ್ಲ.

ಅದರ ಪಕ್ಕದಲ್ಲೇ ಬಂದ ಇನ್ನೊಂದು ಸಸಿ ಮೂರು ಮೊಳ ಕೆಳಗೆ ನಿಂತಿತ್ತು ಎಂದುಕೊಳ್ಳಿ. ಅಲ್ಲಿ ಅಷ್ಟಮಿಯ ಸಪ್ಪೆ ಭರತವೂ ಮುಟ್ಟುತ್ತದೆ. ಬೇರು ಅರ್ಧ ಅಂಗುಲ ಇಳಿಯುವುದರೊಳಗೆ ನೀರು ಬಂದು ಎತ್ತುತ್ತದೆ. ಆ ಸಸಿಯ ತಪ್ಪೇನೂ ಇಲ್ಲ, ಜಾಗದ ತಪ್ಪು. ಕಾಂಡ್ಲಾ ಬೆಳೆಯುವುದು ಸರಾಸರಿ ಸಮುದ್ರಮಟ್ಟದಿಂದ ಮೇಲೆ, ಅಮಾವಾಸ್ಯೆ-ಹುಣ್ಣಿಮೆಯ ಭರತ ಮುಟ್ಟುವ ಗೆರೆಯಿಂದ ಕೆಳಗೆ, ಆ ಕಿರಿದಾದ ಪಟ್ಟಿಯಲ್ಲಿ ಮಾತ್ರ.

ಬೇರು ಹಿಡಿದ ಮೇಲೂ ಆಪತ್ತು ಮುಗಿಯುವುದಿಲ್ಲ. ಏಡಿಗಳು ಸಸಿಯ ಮೈಯನ್ನು ಕಡಿದು ತಿನ್ನುತ್ತವೆ. ಬಂಡೆಗೆ ಅಂಟುವ ಬಾರ್ನಕಲ್ ಎಂಬ ಸುಣ್ಣದ ಚಿಪ್ಪಿನ ಜೀವಿಗಳು ಕಾಂಡಕ್ಕೆ ಮುತ್ತಿ ಅದನ್ನು ಭಾರಕ್ಕೆ ಬಾಗಿಸುತ್ತವೆ. ಹೊಳೆಯ ನೆರೆ ಬುಡದ ಕೆಸರನ್ನೇ ಕೊರೆದೊಯ್ಯಬಹುದು. ಇದನ್ನೆಲ್ಲ ದಾಟಿದ ಸಸಿಯ ತುದಿಯಲ್ಲಿ ಮೊದಲ ಜೋಡಿ ಎಲೆ ಬಿಚ್ಚುತ್ತದೆ. ಊರುಗೋಲಿನಂಥ ಬೇರುಗಳು ಬರುವುದು ಇನ್ನೂ ಆಮೇಲೆ. ಆ ಬೇರುಗಳ ಮೈಮೇಲಿನ ಸಣ್ಣ ರಂಧ್ರಗಳು ಇಳಿತದ ಹೊತ್ತಿನಲ್ಲಿ ಗಾಳಿ ಎಳೆದುಕೊಂಡು ಕೆಸರಿನೊಳಗಿನ ಬೇರಿಗೆ ಉಸಿರು ಕೊಡುತ್ತವೆ.

ಈ ಸಸಿಯ ಕತೆ ಗೊತ್ತಿದ್ದರೆ ಕಾಂಡ್ಲಾ ನೆಡುವಾಗ ಆಗುವ ತಪ್ಪುಗಳೂ ತಾವಾಗಿ ಕಾಣುತ್ತವೆ. ಹಳದಿ ಪಟ್ಟಿ ಮೂಡದ ಎಳೆ ಕೋಲನ್ನು ಮರದಿಂದ ಕಿತ್ತು ಊರಿದರೆ ಅದು ಕೊಳೆಯುತ್ತದೆ. ಕೋಲಿನ ಯಾವ ತುದಿ ಕೆಳಗೆ ಎಂದು ನೋಡದೆ ತಲೆಕೆಳಗಾಗಿ ಊರುವವರಿದ್ದಾರೆ. ಕಾಯಿಯಿಂದ ಕಳಚಿದ ತುದಿಯಲ್ಲಿ ಎಲೆಯ ಮೊಗ್ಗು ಇರುತ್ತದೆ, ಅದು ಮೇಲಿರಬೇಕು. ಚೂಪಾದ ತುದಿ ಕೆಳಗೆ, ಕೋಲಿನ ಮೂರರಲ್ಲೊಂದು ಭಾಗ ಕೆಸರಿನೊಳಗೆ. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ, ಇಳಿತದಲ್ಲಿ ಖಾಲಿ ಕಾಣುವ ತಗ್ಗಿನ ಕೆಸರಿನಲ್ಲಿ ಸಾಲುಸಾಲಾಗಿ ಊರುವುದು. ಅಲ್ಲಿ ಸಸಿ ನಿಲ್ಲುವುದಿಲ್ಲ. ಜೊತೆಗೆ ಆ ತಗ್ಗು ಖಾಲಿಯೂ ಅಲ್ಲ, ಅಘನಾಶಿನಿಯ ಹೆಂಗಸರು, ಗಂಡಸರು ಬಳಚು ಹೆಕ್ಕುವುದು ಅಂಥ ಜಾಗದಲ್ಲೇ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಕಾಂಡ್ಲಾ, ಬಳಚು, ಕಗ್ಗ ಭತ್ತ ಬೆಳೆಯುವ ಗಜನಿ, ಇವೆಲ್ಲ ತಂತಮ್ಮ ಮಟ್ಟದಲ್ಲಿ ಇದ್ದರೆ ಮಾತ್ರ ಅದು ಅಳಿವೆ.

ಆದ್ದರಿಂದ ಶಾಲೆಯ ಮಕ್ಕಳೇ, ಕಾಂಡ್ಲಾ ನೆಡಲು ಹೊರಟರೆ ಮೊದಲು ಒಂದು ಅಷ್ಟಮಿಯ ದಿನ ಭರತದ ಹೊತ್ತಿಗೆ ದೊಡ್ಡವರ ಜೊತೆ ಹೋಗಿ, ನೀರು ಎಲ್ಲಿಯವರೆಗೆ ಬಂದು ನಿಲ್ಲುತ್ತದೆ ಎಂದು ನೋಡಿ ಅಲ್ಲೊಂದು ಗೂಟ ಹೊಡೆಯಿರಿ. ಮುಂದಿನ ಹುಣ್ಣಿಮೆಯಂದು ಹೋಗಿ ಅಂದಿನ ಗೆರೆಗೆ ಇನ್ನೊಂದು ಗೂಟ ಹೊಡೆಯಿರಿ. ಸಸಿಗೆ ಬೇಕಾದ ಜಾಗ ಆ ಎರಡು ಗೂಟಗಳ ನಡುವೆ ಇದೆ. ಅಲ್ಲಿ ಆಗಲೇ ಬಾಗಿದ ಬುಡದ ಎಳೆ ಗಿಡಗಳು ಎದ್ದಿದ್ದರೆ ನೀವು ನೆಡುವುದೇ ಬೇಡ. ಅವನ್ನು ತುಳಿಯದೆ ಬನ್ನಿ.