ಹಳೇ ಫೋನ್ ಕೊಟ್ಟರೆ ನಿಜವಾಗಿ ಎಷ್ಟು ಉಳಿಯುತ್ತದೆ?

ತಪ್ಪು ಕಲ್ಪನೆ: ಎಕ್ಸ್‌ಚೇಂಜ್‌ನಲ್ಲಿ ಕಡಿತವಾದ ಹಣವೆಲ್ಲ ರಿಯಾಯಿತಿ.

ಅದು ನಿಮ್ಮದೇ ಫೋನ್ ಮಾರಿ ಬಂದ ದುಡ್ಡು. 22,000 ರೂಪಾಯಿಯ ಹೊಸ ಫೋನಿಗೆ ಆ್ಯಪ್ ನಿಮ್ಮ ಹಳೇ ಫೋನ್ ಲೆಕ್ಕದಲ್ಲಿ 5,000 ಕಳೆಯಿತು ಅನ್ನಿ. ಅದೇ ಹಳೇ ಫೋನಿಗೆ ಪೇಟೆಯ ಮೊಬೈಲ್ ಅಂಗಡಿಯವನು 4,000 ಕೊಡುತ್ತಾನೆಂದರೆ ಎಕ್ಸ್‌ಚೇಂಜ್‌ನ ಲಾಭ ಬರೀ 1,000. ಜಾಹೀರಾತಿನಲ್ಲಿ ಕಾಣುವ ‘12,000ದವರೆಗೆ’ ಎಂಬುದು ದುಬಾರಿ ಮಾಡೆಲ್‌ಗಳಿಗೆ ಸಿಗುವ ಗರಿಷ್ಠ ಮೊತ್ತ. ಆ್ಯಪ್ ತೋರಿಸಿದ 5,000 ಕೂಡ ಆಗ ಇನ್ನೂ ಖಾತ್ರಿಯಲ್ಲ. ಡೆಲಿವರಿಗೆ ಬಂದವರು ಪರದೆಯಲ್ಲಿ ಬಿರುಕು ಕಂಡರೆ ಫೋನ್ ಬೇಡ ಎನ್ನಬಹುದು. ಆಗ ವ್ಯತ್ಯಾಸದ ಹಣ ನೀವೇ ತುಂಬಬೇಕು, ಇಲ್ಲವೇ ಆರ್ಡರ್ ರದ್ದು.

ತಪ್ಪು ಕಲ್ಪನೆ: ಎಕ್ಸ್‌ಚೇಂಜ್, ಕಾರ್ಡ್ ಆಫರ್ ಎರಡನ್ನೂ ಒಟ್ಟಿಗೆ ಹಾಕಿದರೆ ಲಾಭ ಜಾಸ್ತಿ.

ಹಲವು ಸಲ ಒಂದು ಇನ್ನೊಂದನ್ನು ತಿಂದುಹಾಕುತ್ತದೆ. ಕಾರ್ಡ್ ಆಫರ್‌ನ ಷರತ್ತು ಹೀಗಿದೆ ಎಂದುಕೊಳ್ಳಿ: ಶೇ. 10 ಕಡಿತ, ಗರಿಷ್ಠ 1,250 ರೂಪಾಯಿ, ಕನಿಷ್ಠ ಖರೀದಿ 20,000. ಈ ಕನಿಷ್ಠ ಮೊತ್ತವನ್ನು ಬಹಳಷ್ಟು ಆಫರ್‌ಗಳು ಎಕ್ಸ್‌ಚೇಂಜ್ ಕಳೆದ ಮೇಲೆ ಕಾರ್ಡ್‌ನಲ್ಲಿ ಪಾವತಿಸುವ ಹಣಕ್ಕೆ ಅನ್ವಯಿಸುತ್ತವೆ. ಇಲ್ಲಿ ಆ ಹಣ 17,000. ಅಲ್ಲಿಗೆ ಕಾರ್ಡ್ ಕಡಿತ ಕೈತಪ್ಪಿತು.

ಈಗ ಎರಡು ದಾರಿಯನ್ನೂ ಲೆಕ್ಕ ಹಾಕಿ. ಎಕ್ಸ್‌ಚೇಂಜ್ ಮಾಡಿದರೆ ಕೈಯಿಂದ ಹೋಗುವುದು 17,000 ರೂಪಾಯಿ, ಜೊತೆಗೆ ಅಂಗಡಿಯಲ್ಲಿ 4,000 ಬಾಳುವ ಫೋನು, ಒಟ್ಟು 21,000. ಎಕ್ಸ್‌ಚೇಂಜ್ ಬಿಟ್ಟು ಕಾರ್ಡ್ ಉಜ್ಜಿದರೆ 20,750, ಹಳೇ ಫೋನ್ ಅಂಗಡಿಗೆ. ಎರಡನೆಯದೇ 250 ಅಗ್ಗ. ಪರದೆಯ ಮೇಲೆ ಮಾತ್ರ 17,000 ಎಂಬ ಚಿಕ್ಕ ಅಂಕಿಯೇ ಚೆಂದ ಕಾಣುತ್ತದೆ!

ತಪ್ಪು ಕಲ್ಪನೆ: ಕ್ಯಾಶ್‌ಬ್ಯಾಕ್ ಅಂದರೆ ನಗದು.

ಶೇ. 5 ಕ್ಯಾಶ್‌ಬ್ಯಾಕ್ ಸಾಮಾನ್ಯವಾಗಿ ನೀವು ಕೊನೆಗೆ ಪಾವತಿಸಿದ 20,750ಕ್ಕೇ ಸಿಗುತ್ತದೆ, ಅಂದರೆ ಸುಮಾರು 1,037; 22,000ಕ್ಕಲ್ಲ. ಅದು ಕಾರ್ಡ್ ಬಿಲ್‌ನಲ್ಲಿ ಕಡಿತವಾಗಿ ಬಂದರೆ ಪೂರ್ತಿ ಲೆಕ್ಕಕ್ಕೆ ಹಿಡಿಯಿರಿ. ಅವಧಿ ಮುಗಿಯುವ ವಾಲೆಟ್ ಪಾಯಿಂಟ್ ಆಗಿ ಬಂದರೆ, ಆ ಅವಧಿಯಲ್ಲಿ ಅಲ್ಲೇ ಕೊಳ್ಳಬೇಕಾದ್ದು ನಿಮಗೇನೂ ಇಲ್ಲದಿದ್ದರೆ, ಅದನ್ನು ಸೊನ್ನೆ ಎಂದೇ ಬರೆದುಕೊಳ್ಳಿ.

ತಪ್ಪು ಕಲ್ಪನೆ: ನೋ ಕಾಸ್ಟ್ ಇಎಂಐಗೆ ಖರ್ಚೇ ಇಲ್ಲ.

ಬಡ್ಡಿಯಷ್ಟು ಹಣವನ್ನು ಬೆಲೆಯಲ್ಲೇ ಇಳಿಸುತ್ತಾರೆ, ನಿಜ. ಆದರೆ ಬ್ಯಾಂಕು ಕಂತಿನಲ್ಲಿ ಬಡ್ಡಿ ಹಾಕುತ್ತದೆ, ಕ್ರೆಡಿಟ್ ಕಾರ್ಡ್‌ನಲ್ಲಾದರೆ ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ. 199 ರೂಪಾಯಿ ಪ್ರೊಸೆಸಿಂಗ್ ಶುಲ್ಕವಿದ್ದರೆ ಅದೂ ತೆರಿಗೆ ಸೇರಿ ಸುಮಾರು 235. ಇವು ಕಾಣುವುದು ಆರ್ಡರ್‌ನಲ್ಲಲ್ಲ, ಕಾರ್ಡ್ ಬಿಲ್‌ನಲ್ಲಿ.