ಅರವತ್ನಾಲ್ಕು ಬಾಗಿಲುಗಳಿಗೆ ಒಂದು ಜಾಹೀರಾತು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನ ಗೆಳೆಯನದೊಂದು ಸಾಫ್ಟ್‌ವೇರ್ ಕಂಪನಿ ಇದೆ. ಹನ್ನೆರಡು ಜನ ಕೆಲಸ ಮಾಡುತ್ತಾರೆ. ಔಷಧ ಕಾರ್ಖಾನೆಗಳಿಗೆ ಬೇಕಾದ ಒಂದೇ ಒಂದು ಸಾಫ್ಟ್‌ವೇರ್ ಮಾಡುತ್ತಾರೆ. ಮಾತ್ರೆ ತಯಾರಿಸುವ ಕಾರ್ಖಾನೆಯೊಳಗೆ ಹೋದರೆ ಪ್ರತಿ ತಕ್ಕಡಿಯ ಮೇಲೂ, ಪ್ರತಿ ಉಷ್ಣಮಾಪಕದ ಮೇಲೂ ಒಂದು ಚಿಕ್ಕ ಸ್ಟಿಕ್ಕರ್ ಅಂಟಿಸಿರುತ್ತಾರೆ. ಈ ಉಪಕರಣವನ್ನು ಕ್ಯಾಲಿಬ್ರೇಶನ್ ಮಾಡಿದ್ದು ಯಾವಾಗ, ಮುಂದೆ ಮಾಡಬೇಕಾದ್ದು ಯಾವಾಗ ಎಂದು ಅದರಲ್ಲಿ ಬರೆದಿರುತ್ತದೆ. ಆ ದಿನ ದಾಟಿದ ಮೇಲೂ ತಕ್ಕಡಿ ಬಳಕೆಯಲ್ಲಿದ್ದರೆ ತಪಾಸಣೆಗೆ ಬಂದವರ ಕಣ್ಣಿಗೆ ಅದು ಬೀಳದೇ ಇರುವುದಿಲ್ಲ. ಗೆಳೆಯನ ಸಾಫ್ಟ್‌ವೇರ್ ಆ ದಿನಗಳ ಲೆಕ್ಕ ಇಟ್ಟು ಮೊದಲೇ ಎಚ್ಚರಿಸುತ್ತದೆ.

ಇದನ್ನು ಕೊಳ್ಳುವ ಶಕ್ತಿ ಮತ್ತು ಅಗತ್ಯ ಎರಡೂ ಇರುವ ಕಂಪನಿಗಳು ಯಾವುವು ಎಂದು ಅವನೂ ಅವನ ಮಾರಾಟದ ಹುಡುಗನೂ ಕೂತು ಬರೆದರು. ಹೈದರಾಬಾದ್, ಅಹಮದಾಬಾದ್, ಬೆಂಗಳೂರು, ಹಿಮಾಚಲದ ಬದ್ದಿ ಎಲ್ಲ ಸೇರಿ ಅರವತ್ನಾಲ್ಕು ಹೆಸರುಗಳಾದವು. ಇಷ್ಟು ಜನಕ್ಕಾಗಿ ಪತ್ರಿಕೆಯಲ್ಲೋ ಟಿವಿಯಲ್ಲೋ ಜಾಹೀರಾತು ಕೊಟ್ಟರೆ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದ ಹಾಗೆ. ಆದ್ದರಿಂದ ಲಿಂಕ್ಡ್‌ಇನ್ ನೋಡೋಣ ಎಂದು ನನ್ನನ್ನು ಕರೆದ. ಹತ್ತು ವರ್ಷಗಳಿಂದ ಇಂಥ ಕೆಲಸವನ್ನೇ ಮಾಡುತ್ತಿದ್ದೇನೆ. ಆದರೂ ಪಟ್ಟಿ ಇಷ್ಟು ಚಿಕ್ಕದಾಗಿದ್ದಾಗ ಲೆಕ್ಕಾಚಾರವೇ ಬೇರೆಯಾಗುತ್ತದೆ ಎಂದು ಮೊದಲ ದಿನವೇ ಅವನಿಗೆ ಹೇಳಿದೆ.

ಲಿಂಕ್ಡ್‌ಇನ್ನಿನ ವಿಶೇಷ ಇಷ್ಟೇ. ಯಾವ ಕಂಪನಿಯಲ್ಲಿದ್ದೇನೆ, ಯಾವ ಹುದ್ದೆಯಲ್ಲಿದ್ದೇನೆ ಎಂದು ಅಲ್ಲಿ ಜನ ತಾವಾಗಿಯೇ ಬರೆದುಕೊಂಡಿರುತ್ತಾರೆ. ಜಾಹೀರಾತು ಕೊಡುವವನು ಕಂಪನಿಗಳ ಪಟ್ಟಿಯೊಂದನ್ನು ಏರಿಸಿ, ‘ಈ ಕಂಪನಿಗಳಲ್ಲಿ ಗುಣಮಟ್ಟ ವಿಭಾಗದಲ್ಲಿರುವವರಿಗೆ ಮಾತ್ರ ತೋರಿಸಿ’ ಎನ್ನಬಹುದು. ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಕೊಡಬೇಕು. ಮೊದಲ ಸಾಲು ಹೀಗಿದ್ದರೆ ಸಾಕು:

```
companyname,companywebsite,companyemaildomain,linkedincompanypageurl
```

ಗೆಳೆಯ ಬರೀ ಹೆಸರುಗಳನ್ನು ತುಂಬಿ ಏರಿಸಿಬಿಟ್ಟಿದ್ದ. ಅರವತ್ನಾಲ್ಕರಲ್ಲಿ ನಲವತ್ತೊಂದು ಮಾತ್ರ ಹೊಂದಿಕೆಯಾದವು. ಅದರಲ್ಲೂ ಒಂದು ಬೇರೆಯೇ ಊರಿನ, ಅದೇ ಹೆಸರಿನ ಔಷಧ ವಿತರಕರ ಅಂಗಡಿ. ನಮ್ಮ ದೇಶದಲ್ಲಿ ಒಂದೇ ಹೆಸರಿನ ಕಂಪನಿಗಳಿಗೆ ಬರವಿಲ್ಲ. ‘ಲ್ಯಾಬ್ಸ್’, ‘ಲ್ಯಾಬೊರೇಟರೀಸ್’, ‘ಲೈಫ್‌ಸೈನ್ಸಸ್’ ಎಂಬ ಬಾಲಗಳೂ ಆಗಾಗ ಬದಲಾಗುತ್ತವೆ. ಕೊನೆಯ ಕಾಲಮ್ಮಿನಲ್ಲಿ ಕಂಪನಿಯ ಲಿಂಕ್ಡ್‌ಇನ್ ಪುಟದ ವಿಳಾಸವನ್ನೇ ಕೊಟ್ಟರೆ ಈ ಗೊಂದಲ ಹೋಗುತ್ತದೆ. ಮಾರಾಟದ ಹುಡುಗ ಒಂದು ಮಧ್ಯಾಹ್ನ ಕೂತು ಒಂದೊಂದೇ ಪುಟ ತೆರೆದು ವಿಳಾಸ ನಕಲು ಮಾಡಿದ. ಎರಡನೇ ಸಲ ಅರವತ್ತೆರಡು ಹೊಂದಿದವು. ಉಳಿದ ಎರಡು ಕಂಪನಿಗಳಿಗೆ ಅಲ್ಲಿ ಪುಟವೇ ಇರಲಿಲ್ಲ. ಪಟ್ಟಿ ಏರಿಸಿದ ಕೂಡಲೇ ಬಳಕೆಗೆ ಸಿಗುವುದಿಲ್ಲ, ಎರಡು ದಿನದವರೆಗೂ ಕಾಯಬೇಕಾಗಬಹುದು. ಇದು ಗೊತ್ತಿಲ್ಲದೆ ಸೋಮವಾರ ಪ್ರಚಾರ ಶುರು ಎಂದು ಭಾನುವಾರ ರಾತ್ರಿ ಪಟ್ಟಿ ಏರಿಸುವವರನ್ನು ಕಂಡಿದ್ದೇನೆ.

ಪಟ್ಟಿಯಾದ ಮೇಲೆ ಅದರೊಳಗಿನ ಯಾರಿಗೆ ತೋರಿಸಬೇಕು ಎಂಬ ಆಯ್ಕೆ. ಇಲ್ಲಿ ನಾನೇ ಒಮ್ಮೆ, ಬೇರೊಬ್ಬರ ಕೆಲಸದಲ್ಲಿ, ಕೆಟ್ಟದಾಗಿ ಎಡವಿದ್ದೇನೆ. ಕಂಪನಿ ಪಟ್ಟಿಯನ್ನೂ ‘ಗುಣಮಟ್ಟ ವಿಭಾಗ’ ಎಂಬ ಆಯ್ಕೆಯನ್ನೂ ಒಂದೇ ಚೌಕದೊಳಗೆ ಸೇರಿಸಿದ್ದೆ. ಒಂದೇ ಚೌಕದಲ್ಲಿರುವ ಎರಡನ್ನು ಅದು ‘ಇದು ಅಥವಾ ಅದು’ ಎಂದು ಓದುತ್ತದೆ. ಅಂದರೆ ನನ್ನ ಪಟ್ಟಿಯ ಕಂಪನಿಗಳ ಎಲ್ಲ ನೌಕರರು, ಜೊತೆಗೆ ದೇಶದಲ್ಲಿ ಗುಣಮಟ್ಟ ವಿಭಾಗದಲ್ಲಿರುವ ಎಲ್ಲರೂ! ‘ಇದೂ ಹೌದು, ಅದೂ ಹೌದು’ ಎಂದಾಗಬೇಕಿದ್ದರೆ ಎರಡನೆಯದನ್ನು ‘Narrow audience’ ಎಂಬ ಗುಂಡಿ ಒತ್ತಿ ಬೇರೆ ಚೌಕದಲ್ಲಿ ಹಾಕಬೇಕು. ತಪ್ಪಾಗಿದೆಯೆಂದು ತಿಳಿಯುವುದು ಕಷ್ಟವಲ್ಲ. ಪರದೆಯ ಬಲಬದಿಯಲ್ಲಿ ಎಷ್ಟು ಜನ ಸಿಗುತ್ತಾರೆಂಬ ಅಂದಾಜು ಕಾಣುತ್ತಿರುತ್ತದೆ. ಅರವತ್ತು ಕಂಪನಿಗಳ ಪಟ್ಟಿಗೆ ಒಂದು ಸೋಸಣಿಕೆ ಸೇರಿಸಿದಾಗ ಆ ಸಂಖ್ಯೆ ಇಳಿಯಬೇಕು. ಏರಿ ಲಕ್ಷಗಳಿಗೆ ಹೋದರೆ ಅಲ್ಲೇ ನಿಲ್ಲಿಸಿ ನೋಡಬೇಕು. ಆ ಸಂಖ್ಯೆಯ ಕಡೆ ಅವತ್ತು ನಾನು ನೋಡಲಿಲ್ಲ. ಒಂದು ವಾರದ ಹಣ ಪಟ್ಟಿಯಲ್ಲಿಲ್ಲದ ಕಂಪನಿಗಳಿಗೆ ಹೋಯಿತು.

ಇದರ ಜೊತೆಗೆ ಎರಡು ಟಿಕ್ ಗುರುತುಗಳನ್ನು ಹುಡುಕಿ ತೆಗೆಯಬೇಕು. ‘Audience Expansion’ ಎಂಬುದು ನಾವು ಆರಿಸಿದವರನ್ನು ಹೋಲುವ ಇನ್ನಷ್ಟು ಜನರನ್ನು ಸೇರಿಸುತ್ತದೆ. ‘Audience Network’ ಎಂಬುದು ಜಾಹೀರಾತನ್ನು ಹೊರಗಿನ ಆ್ಯಪ್‌, ಜಾಲತಾಣಗಳಲ್ಲೂ ತೋರಿಸುತ್ತದೆ. ದೊಡ್ಡ ಮಾರುಕಟ್ಟೆ ಇರುವವರಿಗೆ ಇವು ಉಪಯೋಗವಾಗಬಹುದು. ಅರವತ್ನಾಲ್ಕು ಹೆಸರಿನವನಿಗೆ ಬೇಡ.

ಗೆಳೆಯನ ಲೆಕ್ಕಕ್ಕೆ ಬರೋಣ. ಭಾರತದಲ್ಲಿರುವವರು, ಗುಣಮಟ್ಟ ವಿಭಾಗದವರು, ಮ್ಯಾನೇಜರ್ ಮತ್ತು ಅದಕ್ಕೆ ಮೇಲ್ಪಟ್ಟವರು ಎಂದು ಸೋಸಿದಾಗ ಸುಮಾರು 2,600 ಜನ ಸಿಕ್ಕರು. ಅವನಿಗೆ ಖುಷಿಯೋ ಖುಷಿ. ದಿನಕ್ಕೆ 900 ರೂಪಾಯಿ ಇಟ್ಟು ಒಂದು ತಿಂಗಳು ಓಡಿಸಿದೆವು. ಲಿಂಕ್ಡ್‌ಇನ್‌ನಲ್ಲಿ ಒಂದು ಪ್ರಚಾರಕ್ಕೆ ದಿನಕ್ಕೆ ಕನಿಷ್ಠ 10 ಡಾಲರ್ ಅಥವಾ ಅದಕ್ಕೆ ಸಮನಾದ ಮೊತ್ತ ಇಡಲೇಬೇಕು. ಹಾಗಾಗಿ ಅದಕ್ಕಿಂತ ಇಳಿಯುವ ಹಾಗಿರಲಿಲ್ಲ. ತಿಂಗಳಿಗೆ 27,000 ರೂಪಾಯಿ ಖರ್ಚಾಗಿ ಜಾಹೀರಾತು ಸುಮಾರು 30,000 ಸಲ ಕಾಣಿಸಿತು. ಕ್ಲಿಕ್ಕುಗಳೂ ಬಂದವು.

ತಿಂಗಳ ಕೊನೆಯಲ್ಲಿ ಕಂಪನಿವಾರು ವರದಿ ತೆರೆದೆವು. ಮೂವತ್ತು ಸಾವಿರದಲ್ಲಿ ಇಪ್ಪತ್ತೆರಡು ಸಾವಿರದಷ್ಟು ಆರೇ ಕಂಪನಿಗಳಿಗೆ ಹೋಗಿತ್ತು. ಆರೂ ಹೆಸರುವಾಸಿಯಾದ ದೈತ್ಯ ಕಂಪನಿಗಳು. ಅವನು ಆಸೆಗೆ ಪಟ್ಟಿಯಲ್ಲಿ ಸೇರಿಸಿದ್ದ, ಆದರೆ ಅವು ಇಷ್ಟು ಚಿಕ್ಕ ಕಂಪನಿಯಿಂದ ಕೊಳ್ಳುವ ಸಾಧ್ಯತೆ ಎಲ್ಲಕ್ಕಿಂತ ಕಡಿಮೆ. ನಿಜಕ್ಕೂ ಕೊಳ್ಳಬಲ್ಲ ಮಧ್ಯಮ ಗಾತ್ರದ ಐವತ್ತಾರು ಕಂಪನಿಗಳಿಗೆ ಉಳಿದದ್ದು ಹಂಚಿಹೋಗಿತ್ತು. ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳ ಮುಂದೆ ಸೊನ್ನೆ.

“ನಾನು ಅರವತ್ನಾಲ್ಕು ಬರೆದುಕೊಟ್ಟೆ ಕಣೋ, ಅದು ಆರಕ್ಕೇ ತೋರಿಸಿದೆಯಲ್ಲ!” ಎಂದ.

ಇದು ಯಂತ್ರದ ದೋಷವಲ್ಲ. ಪಟ್ಟಿ ಕೊಟ್ಟಾಗ ಜಾಹೀರಾತು ಕಂಪನಿಗಳಿಗೆ ಸಮನಾಗಿ ಹಂಚಿಕೆಯಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಲಿಂಕ್ಡ್‌ಇನ್ ನೋಡುವುದು ಕಂಪನಿಗಳನ್ನಲ್ಲ, ಜನರನ್ನು. 2,600 ಜನರಲ್ಲಿ 1,900 ಜನ ಆ ಆರು ಕಂಪನಿಗಳಲ್ಲಿದ್ದರು. ದಿನವೂ ಲಿಂಕ್ಡ್‌ಇನ್ ತೆರೆಯುವ ಅಭ್ಯಾಸವೂ ಅಂಥ ಕಂಪನಿಗಳವರಿಗೇ ಹೆಚ್ಚು. ಹಣ ಜನ ಇದ್ದ ಕಡೆ ಹರಿಯಿತು. ನನಗೆ ತಿಳಿದಂತೆ ಚಿಕ್ಕ ಪಟ್ಟಿಯ ಪ್ರಚಾರಗಳಲ್ಲಿ ಅತಿ ಹೆಚ್ಚು ಹಣ ಪೋಲಾಗುವುದು ಹೀಗೆಯೇ. ಒಟ್ಟು ಕ್ಲಿಕ್ಕುಗಳ ಸಂಖ್ಯೆ ಚೆನ್ನಾಗಿಯೇ ಕಾಣುತ್ತಿರುವುದರಿಂದ ಕಂಪನಿವಾರು ನೋಡದವರಿಗೆ ಇದು ಗೊತ್ತೇ ಆಗುವುದಿಲ್ಲ.

ಮದ್ದು ಸುಲಭ. ಪಟ್ಟಿಯನ್ನು ಎರಡಾಗಿ ಒಡೆದು, ಚಿಕ್ಕ ಕಂಪನಿಗಳಿಗೇ ಬೇರೆ ಪ್ರಚಾರ, ಬೇರೆ ಹಣ ಇಡುವುದು. ಆದರೆ ಒಡೆದ ತಕ್ಷಣ ಇನ್ನೊಂದು ಗೋಡೆ ಎದುರಾಗುತ್ತದೆ. ಜಾಹೀರಾತು ತಲುಪುವವರು ಕನಿಷ್ಠ 300 ಜನರಾದರೂ ಇರಬೇಕು, ಇಲ್ಲದಿದ್ದರೆ ಲಿಂಕ್ಡ್‌ಇನ್ ಪ್ರಚಾರ ಶುರು ಮಾಡಲು ಬಿಡುವುದೇ ಇಲ್ಲ. ಐವತ್ತಾರು ಕಂಪನಿಗಳಲ್ಲಿ ನಮಗೆ ಸಿಕ್ಕವರು 700 ಜನ. ಗೆಳೆಯನಿಗೆ ಅದೂ ಹೆಚ್ಚೆನಿಸಿತು. “ಸಹಿ ಹಾಕುವವರಿಗೆ ಮಾತ್ರ ತೋರಿಸೋಣ, ವಿಭಾಗದ ಮುಖ್ಯಸ್ಥರು ಸಾಕು” ಎಂದು ಸೋಸಿದ. ಸಂಖ್ಯೆ 240ಕ್ಕೆ ಬಿತ್ತು, ಪ್ರಚಾರ ಶುರುವಾಗಲಿಲ್ಲ.

ಆಗ ನಾವು ಉಲ್ಟಾ ದಾರಿ ಹಿಡಿದೆವು. ಹುದ್ದೆಯ ಎತ್ತರದ ಸೋಸಣಿಕೆಯನ್ನೇ ಕಿತ್ತುಹಾಕಿದೆವು. ಇನ್ನೂರು ಜನರ ಕಾರ್ಖಾನೆಯಲ್ಲಿ ಸ್ಟಿಕ್ಕರಿನ ದಿನಾಂಕ ತಪ್ಪಿದಾಗ ಬೈಸಿಕೊಳ್ಳುವವರು ಕೆಳಗಿನ ಎಕ್ಸಿಕ್ಯುಟಿವ್‌ಗಳೇ. “ಸರ್, ಇಂಥದ್ದೊಂದು ಇದೆಯಂತೆ” ಎಂದು ಮೇಲಿನವರ ಕಿವಿಗೆ ಹಾಕುವವರೂ ಅವರೇ. ಅಲ್ಲದೆ ಅಂಥ ಕಂಪನಿಗಳಲ್ಲಿ ಹುದ್ದೆಯ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದುಕೊಂಡಿರುತ್ತಾರೆ. ಹುದ್ದೆ ನೋಡಿ ಸೋಸಿದರೆ ಬೇಕಾದವರೇ ತಪ್ಪಿಹೋಗುತ್ತಾರೆ. ಗುಣಮಟ್ಟದ ಜೊತೆ ಎಂಜಿನಿಯರಿಂಗ್ ವಿಭಾಗವನ್ನೂ ಸೇರಿಸಿದೆವು, ಕ್ಯಾಲಿಬ್ರೇಶನ್ ಕೆಲಸ ಎಷ್ಟೋ ಕಡೆ ಅವರ ಕೈಯಲ್ಲೇ ಇರುತ್ತದೆ. ಈಗ 1,500 ಜನರಾದರು. ಅರವತ್ನಾಲ್ಕು ಹೆಸರುಗಳನ್ನು ಮಾತ್ರ ನಾವು ಸಡಿಲ ಮಾಡಲಿಲ್ಲ. ಕಂಪನಿಗಳ ವಿಷಯದಲ್ಲಿ ಬಿಗಿಯಾಗಿದ್ದು ಜನರ ವಿಷಯದಲ್ಲಿ ಸಡಿಲವಾಗಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಅನೇಕರು ಮಾಡುವುದು ಇದರ ತಿರುಗುಮುರುಗು: ಹುದ್ದೆಯನ್ನು ಬಿಗಿ ಹಿಡಿದು, ಸಂಖ್ಯೆ ಸಾಲದೆಂದು ಪಟ್ಟಿಗೆ ಬೇಡದ ಕಂಪನಿಗಳನ್ನು ತುಂಬುತ್ತಾರೆ.

ಆರು ದೈತ್ಯರ ಪ್ರಚಾರವನ್ನು ನಿಲ್ಲಿಸಿಯೇಬಿಟ್ಟೆವು. ಆ 27,000 ರೂಪಾಯಿ ಪೂರ್ತಿಯಾಗಿ ಐವತ್ತಾರು ಕಂಪನಿಗಳ ಪಾಲಾಯಿತು.

ಜಾಹೀರಾತಿನ ಬಗ್ಗೆ ಒಂದೇ ಮಾತು. ಮೊದಲ ತಿಂಗಳು ‘ಉಚಿತ ಡೆಮೊಗೆ ಹೆಸರು ಕೊಡಿ’ ಎಂದಿತ್ತು. ಎರಡನೇ ತಿಂಗಳಿಂದ ಗೆಳೆಯನ ಸ್ವಂತ ಖಾತೆಯ ಒಂದು ಬರಹವನ್ನೇ ಹಣ ಕೊಟ್ಟು ತೋರಿಸಿದೆವು. ಇದಕ್ಕೆ ಥಾಟ್ ಲೀಡರ್ ಆ್ಯಡ್ ಎನ್ನುತ್ತಾರೆ. ಕಂಪನಿಯ ಲಾಂಛನದ ಬದಲು ಬರೆದವರ ಮುಖವೇ ಕಾಣುತ್ತದೆ, ಅವರ ಒಪ್ಪಿಗೆ ಬೇಕಾಗುತ್ತದೆ. ಅವನು ಬರೆದದ್ದು ಒಂದು ತಕ್ಕಡಿಯ ಕಥೆ. ಶನಿವಾರ ಮುಗಿಯಬೇಕಿದ್ದ ದಿನಾಂಕವೊಂದು ರಜೆಯ ಕಾರಣಕ್ಕೆ ತಪ್ಪಿ, ಸೋಮವಾರ ಬೆಳಿಗ್ಗೆ ಅದೇ ತಕ್ಕಡಿಯಲ್ಲಿ ಮೂರು ಬ್ಯಾಚ್ ತೂಗಿದ ಮೇಲೆ ಗೊತ್ತಾದದ್ದು. ಕೆಳಗೆ ಖರೀದಿಯ ಮಾತೇ ಇರಲಿಲ್ಲ. ಅದೇ ಜನ ತಿಂಗಳಿಗೆ ಹಲವು ಸಲ ನೋಡುವ ಬರಹವಾದ್ದರಿಂದ ಮೂರು ವಾರಕ್ಕೊಮ್ಮೆ ಬದಲಾಯಿಸುತ್ತ ಹೋದೆವು. ಚಿಕ್ಕ ಪಟ್ಟಿಯಲ್ಲಿ ಒಂದೇ ಜಾಹೀರಾತು ಬೇಗ ಹಳಸುತ್ತದೆ.

ವರದಿಯಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದೂ ಗೊತ್ತಿರಬೇಕು. ಯಾವ ಕಂಪನಿಯಲ್ಲಿ ಎಷ್ಟು ಸಲ ಕಾಣಿಸಿತು, ಎಷ್ಟು ಕ್ಲಿಕ್ ಬಂತು ಎಂದು ಅದು ಹೇಳುತ್ತದೆ. ನೋಡಿದವರ ಹೆಸರನ್ನು ಹೇಳುವುದಿಲ್ಲ, ತೀರಾ ಕಡಿಮೆ ಸಂಖ್ಯೆಗಳನ್ನು ಖಾಸಗಿತನಕ್ಕಾಗಿ ಮರೆಮಾಡುತ್ತದೆ. ಕೆಲಸ ಬಿಟ್ಟು ಹೋಗಿ ಖಾತೆ ತಿದ್ದದವರೂ ಹಳೆಯ ಕಂಪನಿಯ ಲೆಕ್ಕದಲ್ಲೇ ಇರುತ್ತಾರೆ. ಹಾಗಾಗಿ ಆ ಸಂಖ್ಯೆಗಳನ್ನು ಮಾರಾಟ ಎಂದುಕೊಳ್ಳಬಾರದು. ನಾವು ಅದನ್ನು ಒಂದೇ ಕೆಲಸಕ್ಕೆ ಬಳಸಿದೆವು: ಸೋಮವಾರ ಮಾರಾಟದ ಹುಡುಗ ಮೊದಲು ಯಾರಿಗೆ ಫೋನ್ ಮಾಡಬೇಕು ಎಂದು ತೀರ್ಮಾನಿಸಲು. ಹಿಂದಿನ ವಾರ ಹೆಚ್ಚು ನೋಡಿದ ಕಂಪನಿಗಳ ಹೆಸರು ಅವನ ಹಾಳೆಯಲ್ಲಿ ಮೇಲೆ ಬರುತ್ತಿದ್ದವು. “ತಕ್ಕಡಿ ಕಥೆ ಬರೆದವರಾ?” ಎಂದು ಮೊದಲ ಸಲ ಆ ಕಡೆಯಿಂದ ಕೇಳಿದಾಗ ಅವನು ಫೋನಿಗೆ ಕೈ ಅಡ್ಡ ಹಿಡಿದು ನಮ್ಮ ಕಡೆ ತಿರುಗಿದ ರೀತಿ ನನಗಿನ್ನೂ ನೆನಪಿದೆ.

ನಾಲ್ಕನೇ ತಿಂಗಳ ಕೊನೆಗೆ ಐವತ್ತಾರರಲ್ಲಿ ನಲವತ್ತೇಳು ಕಂಪನಿಗಳಿಗೆ ಜಾಹೀರಾತು ಗಣನೀಯವಾಗಿ ತಲುಪಿತ್ತು. ಹನ್ನೊಂದು ಕಂಪನಿಗಳು ಡೆಮೊ ನೋಡಿದವು, ಎರಡು ಕೊಂಡವು. ಒಂಬತ್ತರ ಮುಂದೆ ಮಾತ್ರ ಕೊನೆಯವರೆಗೂ ಸೊನ್ನೆಯೇ ಇತ್ತು. ಅಲ್ಲಿನವರು ಲಿಂಕ್ಡ್‌ಇನ್ ತೆರೆಯುವುದೇ ಇಲ್ಲವೆಂದು ತೋರುತ್ತದೆ. ಆ ಒಂಬತ್ತರಲ್ಲಿ ಐದು ಹೈದರಾಬಾದಿನ ಜೀಡಿಮೆಟ್ಲದಲ್ಲಿದ್ದವು, ಒಂದರಿಂದ ಇನ್ನೊಂದಕ್ಕೆ ಆಟೋದಲ್ಲಿ ಹೋಗುವಷ್ಟು ಹತ್ತಿರ. ಗೆಳೆಯ ಆ ವಾರವೇ ಕಾಚಿಗುಡಕ್ಕೆ ರೈಲು ಟಿಕೆಟ್ ತೆಗೆದ.