ಸೌರಫಲಕದ ಡಿ.ಸಿ. ಸ್ವಿಚ್ಚು ಮತ್ತು ಛಾವಣಿಯ ಬೆಂಕಿ

ಪ್ರಧಾನ ಮಂತ್ರಿ ಸೂರ್ಯ ಘರ್ ಯೋಜನೆಯು 2024ರ ಫೆಬ್ರವರಿಯಲ್ಲಿ ಆರಂಭವಾದ ನಂತರ ಅನೇಕ ರೈತ ಬಾಂಧವರು ತಮ್ಮ ಮನೆಯ ಛಾವಣಿಯ ಮೇಲೆ ಸೌರಫಲಕಗಳನ್ನು ಹಾಕಿಸಿಕೊಂಡಿದ್ದಾರೆ. ಫಲಕಗಳಿಂದ ಇನ್ವರ್ಟರಿನವರೆಗೆ ಹರಿಯುವುದು ಡಿ.ಸಿ. ವಿದ್ಯುತ್ತು. ಈ ದಾರಿಯಲ್ಲಿ ವಿದ್ಯುತ್ತನ್ನು ಕಡಿಯಲು ಇರುವ ಸ್ವಿಚ್ಚಿಗೆ ಡಿ.ಸಿ. ಐಸೊಲೇಟರ್ ಎಂದು ಹೆಸರು. ಇದು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಮನೆಯವರು ತಿಳಿದಿರಬೇಕು.

ಆಸ್ಟ್ರೇಲಿಯಾದ ಅನುಭವ

ಆಸ್ಟ್ರೇಲಿಯಾದಲ್ಲಿ 2012ರ ನಿಯಮದಂತೆ ಛಾವಣಿಯ ಮೇಲೆ, ಫಲಕಗಳ ಪಕ್ಕದಲ್ಲಿಯೇ ಒಂದು ಐಸೊಲೇಟರ್ ಇಡುವುದು ಕಡ್ಡಾಯವಾಗಿತ್ತು. ದುರಸ್ತಿ ಮಾಡುವವರಿಗೂ ಬೆಂಕಿ ಆರಿಸುವವರಿಗೂ ಇದರಿಂದ ರಕ್ಷಣೆ ದೊರೆಯುವುದೆಂಬ ಉದ್ದೇಶವಿತ್ತು. ಆದರೆ ಬಿಸಿಲು ಮಳೆಗೆ ತೆರೆದಿದ್ದ ಈ ಪೆಟ್ಟಿಗೆಗಳೊಳಗೆ ನೀರು ಇಳಿಯಿತು. ಸೌರ ಘಟಕಗಳ ಬೆಂಕಿಗೆ ಈ ಸ್ವಿಚ್ಚುಗಳೇ ಮುಖ್ಯ ಕಾರಣವೆಂದು ಅಲ್ಲಿನ ಅಗ್ನಿಶಾಮಕ ಸೇವೆಗಳು ಕಂಡುಕೊಂಡವು. ಕೊನೆಗೆ 2021ರ ಪರಿಷ್ಕೃತ ನಿಯಮದಲ್ಲಿ ಈ ಕಡ್ಡಾಯವನ್ನು ಕೈಬಿಡಲಾಯಿತು.

ಬೆಂಕಿ ಹುಟ್ಟುವ ಬಗೆ

ಮನೆಯ ಎ.ಸಿ. ವಿದ್ಯುತ್ತು ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಇಳಿಯುತ್ತದೆ. ಆದ್ದರಿಂದ ಸ್ವಿಚ್ಚಿನಲ್ಲಿ ಎದ್ದ ಕಿಡಿ ಬೇಗ ನಂದುತ್ತದೆ. ಡಿ.ಸಿ. ವಿದ್ಯುತ್ತು ಸೊನ್ನೆಗೆ ಇಳಿಯುವುದೇ ಇಲ್ಲ. ಎದ್ದ ಕಿಡಿ ಉರಿಯುತ್ತಲೇ ಇರಬಹುದು. ಪೆಟ್ಟಿಗೆಯೊಳಗೆ ನೀರು ಸೇರಿ ತಿರುಪಿನ ಜೋಡಣೆ ಕಿಲುಬು ಹಿಡಿದರೆ ಅಥವಾ ಸಡಿಲವಾದರೆ ಆ ಜಾಗ ಕಾಯುತ್ತದೆ, ಕಿಡಿ ಏಳುತ್ತದೆ, ಪ್ಲಾಸ್ಟಿಕ್ ಹೊತ್ತಿಕೊಳ್ಳುತ್ತದೆ.

ಇಂಥ ವೇಳೆ ಫ್ಯೂಸು ಹಾರಿಹೋಗಬೇಕಲ್ಲವೇ ಎಂದು ಕೆಲವರು ಕೇಳಬಹುದು. ಒಂದು ಉದಾಹರಣೆ ನೋಡೋಣ. 3 ಕಿಲೋವ್ಯಾಟ್ ಘಟಕದಲ್ಲಿ ಸುಮಾರು 540 ವ್ಯಾಟಿನ ಆರು ಫಲಕಗಳನ್ನು ಸಾಲಾಗಿ ಜೋಡಿಸಿದ್ದಾರೆಂದು ಇಟ್ಟುಕೊಳ್ಳಿ. ಒಂದೊಂದರ ತೆರೆದ ವೋಲ್ಟೇಜು ಸುಮಾರು 50. ಒಟ್ಟು 300 ವೋಲ್ಟು. ಒಳ್ಳೆಯ ಬಿಸಿಲಿನಲ್ಲಿ ಹರಿಯುವ ವಿದ್ಯುತ್ತು ಸುಮಾರು 13 ಆಂಪಿಯರ್. ತಂತಿಗಳು ಒಂದಕ್ಕೊಂದು ತಗುಲಿ ಶಾರ್ಟ್ ಆದರೂ ಅದು 14 ಆಂಪಿಯರಿನಷ್ಟೇ ಆಗುತ್ತದೆ. ಇಷ್ಟು ಸಣ್ಣ ಹೆಚ್ಚಳಕ್ಕೆ ಫ್ಯೂಸು ಹಾರುವುದಿಲ್ಲ. 300 ವೋಲ್ಟಿನ ಡಿ.ಸಿ. ಆದರೋ ಮನುಷ್ಯನ ಪ್ರಾಣ ತೆಗೆಯಲು ಸಾಕು.

ಮುನ್ಸೂಚನೆಗಳು

ಮಳೆಗಾಲದಲ್ಲಿ ಬೆಳಗಿನ ಹೊತ್ತು ಇನ್ವರ್ಟರು ಅರ್ತ್ ದೋಷ ತೋರಿಸಿ ನಿಂತು, ಬಿಸಿಲೇರಿದ ಮೇಲೆ ತಾನಾಗಿಯೇ ಚಾಲೂ ಆಗುತ್ತಿದ್ದರೆ ಎಲ್ಲಿಯೋ ನೀರು ಸೇರಿದೆ ಎಂದು ಶಂಕಿಸಬೇಕು. ಪೆಟ್ಟಿಗೆ ಕಂದುಬಣ್ಣಕ್ಕೆ ತಿರುಗಿರುವುದು, ಸೊಟ್ಟಗಾಗಿರುವುದು, ಸುಟ್ಟ ವಾಸನೆ, ಒಳಗೆ ಹನಿ ಕಾಣುವುದು ಇವೂ ಲಕ್ಷಣಗಳೇ. ಇಂಥದ್ದನ್ನು ಕಂಡಾಗ ಪೆಟ್ಟಿಗೆಯನ್ನು ಬಿಚ್ಚದೆ, ಅಳವಡಿಸಿದವರನ್ನು ಕರೆಸಿರಿ. ತಂತಿಗಳು ಪೆಟ್ಟಿಗೆಯನ್ನು ಮೇಲಿನಿಂದ ಹೊಕ್ಕಿದ್ದರೆ ಕೆಳಗಿನಿಂದ ಹೊಗುವಂತೆ ಬದಲಾಯಿಸಲು ಹೇಳಿರಿ. ಎ.ಸಿ.ಗೆಂದು ತಯಾರಾದ ಸ್ವಿಚ್ಚನ್ನು ಡಿ.ಸಿ. ಕಡೆಗೆ ಎಂದೂ ಹಾಕಿಸಬಾರದು. ಐಸೊಲೇಟರಿನ ಹತ್ತಿರ ಹುಲ್ಲು, ತೆಂಗಿನ ಗರಿ, ಒಣಗಲು ಹರಡಿದ ಫಸಲು ಇರಬಾರದು.

ಬೆಂಕಿ ಬಿದ್ದಾಗ

ಮೇನ್ ಸ್ವಿಚ್ಚು ತೆಗೆದರೂ, ವಿದ್ಯುತ್ ಕಂಪನಿಯವರು ಸರಬರಾಜು ನಿಲ್ಲಿಸಿದರೂ ಫಲಕಗಳ ಮೇಲೆ ಬೆಳಕು ಇರುವವರೆಗೆ ವಿದ್ಯುತ್ತು ಹುಟ್ಟುತ್ತಲೇ ಇರುತ್ತದೆ. ಐಸೊಲೇಟರ್ ತೆಗೆದರೆ ಅದರಿಂದ ಮುಂದಿನ ತಂತಿ ಮಾತ್ರ ನಿರ್ಜೀವವಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಐಸೊಲೇಟರು ಕೆಳಗೆ ಇನ್ವರ್ಟರಿನ ಬಳಿ ಇದ್ದರೆ, ಛಾವಣಿಯಿಂದ ಗೋಡೆಯ ಮೇಲೆ ಇಳಿದು ಬರುವ ತಂತಿಯುದ್ದಕ್ಕೂ 300 ವೋಲ್ಟು ಇದ್ದೇ ಇರುತ್ತದೆ. ಹೊಗೆ ಬಿಡಿಸಲು ಛಾವಣಿ ಹತ್ತಿ ಕೊಡಲಿಯಿಂದ ಹೆಂಚು ಅಥವಾ ತಗಡು ಕಡಿಯುವ ಅಗ್ನಿಶಾಮಕ ಸಿಬ್ಬಂದಿ ಈ ತಂತಿಯನ್ನು ಕಡಿದರೆ ಕಿಡಿ ಹಾರುವುದಲ್ಲದೆ ಜೀವಕ್ಕೇ ಸಂಚಕಾರ. ಒದ್ದೆಯಾದ ಛಾವಣಿಯ ಮೇಲೆ ಜಾರಿಬೀಳುವ ಭಯವೂ ಜೊತೆಗಿರುತ್ತದೆ. ರಾತ್ರಿಯೂ ಪೂರ್ಣ ನಿರ್ಭಯವಲ್ಲ. ಬೆಂಕಿಯ ಬೆಳಕು, ವಾಹನದ ದೊಡ್ಡ ದೀಪಗಳು ಅಪಾಯಕಾರಿ ವಿದ್ಯುತ್ತನ್ನು ಹುಟ್ಟಿಸಬಲ್ಲವೆಂದು ಅಮೆರಿಕದಲ್ಲಿ 2011ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ನೀರಿನ ನೇರ ಧಾರೆಯನ್ನು ಕನಿಷ್ಠ 20 ಅಡಿ ದೂರದಿಂದ ಹಾಯಿಸಬೇಕೆಂದೂ ಅದೇ ವರದಿ ಸೂಚಿಸಿದೆ.

ಆದ್ದರಿಂದ ಮನೆಯವರು ಬಕೆಟ್ಟು ಹಿಡಿದು ಛಾವಣಿ ಹತ್ತಬಾರದು. ಬೆಂಕಿ ದೂರವಿದ್ದು ಸ್ವಿಚ್ಚುಗಳ ಬಳಿ ಹೋಗಲು ಸಾಧ್ಯವಿದ್ದರೆ ಮಾತ್ರ ಮೊದಲು ಸೌರ ಘಟಕದ ಎ.ಸಿ. ಸ್ವಿಚ್ಚು, ನಂತರ ಡಿ.ಸಿ. ಐಸೊಲೇಟರು, ಈ ಕ್ರಮದಲ್ಲಿ ತೆಗೆಯಬೇಕು. ಎ.ಸಿ. ತೆಗೆದಾಗ ಇನ್ವರ್ಟರು ನಿಲ್ಲುವುದರಿಂದ ಐಸೊಲೇಟರಿನಲ್ಲಿ ಕಿಡಿ ಏಳುವ ಸಂಭವ ಕಡಿಮೆ. ಫಲಕಗಳ ಪ್ಲಗ್ಗುಗಳನ್ನು ಕೈಯಿಂದ ಎಳೆಯಬಾರದು. 112 ಅಥವಾ 101ಕ್ಕೆ ಕರೆ ಮಾಡಿದಾಗ ಮೊದಲ ಮಾತಿನಲ್ಲಿಯೇ ಛಾವಣಿಯ ಮೇಲೆ ಸೌರಫಲಕಗಳಿವೆ ಎಂದು ತಿಳಿಸಿರಿ.

ಒಂದು ಕೆಲಸವನ್ನು ಇಂದೇ ಮಾಡಬಹುದು. ಫಲಕಗಳು, ಐಸೊಲೇಟರು, ಇನ್ವರ್ಟರು ಎಲ್ಲಿವೆ, ಡಿ.ಸಿ. ತಂತಿ ಯಾವ ಗೋಡೆಯ ಮೇಲೆ ಇಳಿದಿದೆ ಎಂಬ ಸರಳ ನಕ್ಷೆಯನ್ನು ಬರೆದು ಮೀಟರು ಹಲಗೆಯ ಪಕ್ಕದಲ್ಲಿ ಅಂಟಿಸಿರಿ. ಏಣಿ ಹತ್ತುವ ಮೊದಲು ಸಿಬ್ಬಂದಿಯವರು ಅದನ್ನು ನೋಡಿಕೊಂಡರೆ ಎಲ್ಲಿ ಕೊಡಲಿ ಹಾಕಬಾರದೆಂದು ಅವರಿಗೆ ತಿಳಿಯುತ್ತದೆ.